ಈಚ್, ಎವ್ರಿಒನ್, ನೈದರ್: ಕ್ರಿಯಾಪದ ಯಾರ ಮಾತು ಕೇಳುತ್ತದೆ?

ಪ್ರಶ್ನೆ: ‘ಎವ್ರಿಒನ್’ ಅಂದ್ರೆ ಎಲ್ಲರೂ ಅಲ್ವಾ? ಮತ್ತೆ ‘ಎವ್ರಿಒನ್ ಹ್ಯಾವ್’ ಯಾಕೆ ತಪ್ಪು? ಈಚ್, ನೈದರ್, ಟೀಮ್ ಬಂದಾಗಲೂ ಹೀಗೇ ಎಡವುತ್ತೇನೆ. ಕೆಲಸದ ಪರೀಕ್ಷೆಗೆ ಓದುತ್ತಿದ್ದೇನೆ, ದಯವಿಟ್ಟು ತಿಳಿಸಿ.

ಅರ್ಥ ನೀವು ಹೇಳಿದ್ದೇ. ಆದರೆ ಇಂಗ್ಲಿಷ್ ಆ ಎಲ್ಲರನ್ನೂ ಗುಂಪಾಗಿ ನೋಡುವುದಿಲ್ಲ. ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ನೋಡುತ್ತದೆ. ಪದವನ್ನು ಬಿಡಿಸಿದರೆ ‘ಎವ್ರಿ’ ಮತ್ತು ‘ಒನ್’ ಸಿಗುತ್ತವೆ. ಕ್ರಿಯಾಪದ ಹೊಂದಿಕೊಳ್ಳುವುದು ಆ ‘ಒನ್’ಗೆ. ಹಾಗಾಗಿ ‘ಎವ್ರಿಒನ್ ಹ್ಯಾಸ್ ಕಮ್’, ‘ಎವ್ರಿಬಡಿ ನೋಸ್’.

ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಹಲವು ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ಈ ತಪ್ಪು ಓದದೇ ಬರುವುದಲ್ಲ, ನಮ್ಮ ಭಾಷೆಯ ಅಭ್ಯಾಸದಿಂದ ಬರುವುದು. ‘ಎಲ್ಲರೂ ಬಂದಿದ್ದಾರೆ’ ಅನ್ನುತ್ತೇವೆ. ‘ಪ್ರತಿಯೊಬ್ಬರೂ ಬಂದಿದ್ದಾರೆ’ ಅಂದರೂ ಕೊನೆಯಲ್ಲಿ ‘ದಾರೆ’ಯೇ. ‘ಒಬ್ಬ’ ಅನ್ನುವುದು ಆ ಪದದೊಳಗೇ ಇದೆ, ಆದರೂ ಮರ್ಯಾದೆಯ ‘ರು’ ಸೇರಿ ಕ್ರಿಯಾಪದ ಬಹುವಚನಕ್ಕೆ ಹೋಗುತ್ತದೆ. ಈಗ ಮರ್ಯಾದೆ ಬೇಡದ ವಸ್ತುವೊಂದನ್ನು ಇಟ್ಟು ನೋಡಿ: ‘ಪ್ರತಿಯೊಂದು ಬಸ್ಸೂ ಇಲ್ಲಿ ನಿಲ್ಲುತ್ತದೆ.’ ‘ನಿಲ್ಲುತ್ತವೆ’ ಅಂದರೆ ಕಿವಿಗೆ ಸರಿ ಬರುವುದಿಲ್ಲ. ಅಂದರೆ ಈ ನಿಯಮ ನಿಮಗೆ ಮೊದಲೇ ಗೊತ್ತು. ಇಂಗ್ಲಿಷ್‌ನಲ್ಲಿ ಮನುಷ್ಯರಿಗೂ ಬಸ್ಸಿನ ಲೆಕ್ಕವೇ: ‘ಎವ್ರಿ ಬಸ್ ಸ್ಟಾಪ್ಸ್ ಹಿಯರ್’, ‘ಎವ್ರಿ ಟೀಚರ್ ಸ್ಟಾಪ್ಸ್ ಹಿಯರ್’. ಅನುಮಾನ ಬಂದಾಗ ಮನಸ್ಸಿನಲ್ಲಿ ‘ಎಲ್ಲರೂ’ ತೆಗೆದು ‘ಪ್ರತಿಯೊಂದು ಬಸ್ಸೂ’ ಹಾಕಿಕೊಳ್ಳಿ.

‘ಈಚ್’ ಜೊತೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಬರೆದ ವಾಕ್ಯ ಹೀಗಿತ್ತು: ‘ಈಚ್ ಆಫ್ ದ ಸ್ಟೂಡೆಂಟ್ಸ್ ಇನ್ ಬೋತ್ ಸೆಕ್ಷನ್ಸ್ ಹ್ಯಾವ್ ಪೇಯ್ಡ್ ದ ಫೀಸ್.’ ಯಾಕೆ ‘ಹ್ಯಾವ್’ ಹಾಕಿದೆ ಎಂದು ಕೇಳಿದೆ. ‘ಸೆಕ್ಷನ್ಸ್ ಇದೆಯಲ್ಲ ಸರ್’ ಅಂದ. ಅವನ ಉತ್ತರದಲ್ಲೇ ವಿಷಯ ಇದೆ. ಕನ್ನಡದಲ್ಲಿ ‘ಎರಡೂ ಸೆಕ್ಷನ್ನಿನ ವಿದ್ಯಾರ್ಥಿಗಳಲ್ಲಿ ಪ್ರತಿಯೊಬ್ಬನೂ ಫೀಸು ಕಟ್ಟಿದ್ದಾನೆ’ ಅನ್ನುತ್ತೇವೆ. ಗುಂಪಿನ ಮಾತು ಮೊದಲು ಬಂದು ಹೋಗುತ್ತದೆ, ‘ಪ್ರತಿಯೊಬ್ಬನೂ’ ಆಮೇಲೆ ಬಂದು ಕ್ರಿಯಾಪದದ ಕಡೆ ನಿಲ್ಲುತ್ತದೆ. ಇಂಗ್ಲಿಷ್‌ನಲ್ಲಿ ಸಾಲು ತಿರುಗಾಮುರುಗಾ. ‘ಈಚ್’ ಮೊದಲೇ ಬಂದು ದೂರ ಉಳಿಯುತ್ತದೆ. ಮಧ್ಯೆ ‘ಸ್ಟೂಡೆಂಟ್ಸ್’, ‘ಸೆಕ್ಷನ್ಸ್’ ಬಂದು ಕ್ರಿಯಾಪದವನ್ನು ತಮ್ಮ ಕಡೆ ಎಳೆಯುತ್ತವೆ. ಇಂಗ್ಲಿಷ್ ಮನೆಮಾತಾಗಿರುವವರೂ ಇಲ್ಲಿ ಜಾರುವುದುಂಟು.

ನಾನು ಅವನಿಗೆ ಪೆನ್ಸಿಲ್ ಕೊಟ್ಟು, ‘ಆಫ್’ನಿಂದ ಕ್ರಿಯಾಪದದ ಹಿಂದಿನ ಪದದವರೆಗೆ ಗೆರೆ ಎಳೆಯಲು ಹೇಳಿದೆ. ಉಳಿದದ್ದು ‘ಈಚ್ … ಹ್ಯಾವ್ ಪೇಯ್ಡ್’. ಓದಿದ ಕೂಡಲೇ ಅವನೇ ‘ಹ್ಯಾಸ್’ ಎಂದು ತಿದ್ದಿದ. ಪರೀಕ್ಷೆಯಲ್ಲಿ ತಪ್ಪು ಹುಡುಕುವ ಪ್ರಶ್ನೆ ಬಂದರೆ ನೀವೂ ಹೀಗೇ ಮಾಡಿ.

ಒಂದು ಕಡೆ ಮಾತ್ರ ‘ಈಚ್’ ಇದ್ದರೂ ಬಹುವಚನವೇ ಸರಿ: ‘ದೆ ಈಚ್ ಹ್ಯಾವ್ ಎ ಸೈಕಲ್.’ ಇಲ್ಲಿ ಕರ್ತೃ ‘ದೆ’. ‘ಈಚ್’ ಅದರ ಪಕ್ಕದಲ್ಲಿ ಸುಮ್ನೆ ಬಂದು ನಿಂತಿದೆ. ಕರ್ತೃವಿನ ಜಾಗದಲ್ಲಿ ಯಾರಿದ್ದಾರೆ ಎಂದು ನೋಡಿದರೆ ಸಾಕು.

ಈ ತಪ್ಪುಗಳು ಎಲ್ಲ ಕಡೆ ಕಾಣಿಸುವುದಿಲ್ಲ ಎಂಬುದನ್ನೂ ಗಮನಿಸಿ. ‘ಕೇಮ್’, ‘ವೆಂಟ್’, ‘ವಿಲ್ ಗೋ’, ‘ಕ್ಯಾನ್ ಗೋ’ ಇವು ಏಕವಚನಕ್ಕೂ ಬಹುವಚನಕ್ಕೂ ಒಂದೇ. ಸಿಕ್ಕಿಬೀಳುವುದು ಈಸ್‌-ಆರ್‌, ವಾಸ್‌-ವರ್‌, ಹ್ಯಾಸ್‌-ಹ್ಯಾವ್‌, ಡಸ್‌-ಡೂ ಬಂದಾಗ, ಮತ್ತೆ ವರ್ತಮಾನದ ಕ್ರಿಯಾಪದಕ್ಕೆ ಕೊನೆಯ ‘ಎಸ್’ ಬೇಕಾದಾಗ. ತಿದ್ದುವಾಗ ಆ ಜಾಗಗಳಲ್ಲಿ ನಿಂತು ನೋಡಿ.

‘ಎವ್ರಿಒನ್ ಹ್ಯಾಸ್ ಬ್ರಾಟ್ ದೇರ್ ಬುಕ್’ ನೋಡಿ ಗಾಬರಿಯಾಗಬೇಡಿ. ಕ್ರಿಯಾಪದ ಏಕವಚನ, ಹಿಂದೆಯೇ ಬರುವ ಸರ್ವನಾಮ ‘ದೇರ್’. ಗಂಡೋ ಹೆಣ್ಣೋ ಹೇಳಬೇಕಿಲ್ಲದ ಕಡೆ ಹೀಗೆ ಬರೆಯುವುದು ಈಗ ಸಾಮಾನ್ಯ. ಹಳೆಯ ಮಾದರಿಯ ಪ್ರಶ್ನೆಪತ್ರಿಕೆಯಲ್ಲಿ ‘ಹಿಸ್’ ಅಥವಾ ‘ಹಿಸ್ ಆರ್ ಹರ್’ ಬಯಸಬಹುದು. ಆಯ್ಕೆಗಳನ್ನು ನೋಡಿ ನಿರ್ಧರಿಸಿ. ‘ಹ್ಯಾಸ್’ ಮಾತ್ರ ಬದಲಾಗುವುದಿಲ್ಲ.

‘ನೈದರ್’ಗೆ ಸರಿಸಮನಾದ ಒಂದೇ ಪದ ನಮ್ಮಲ್ಲಿಲ್ಲ. ‘ಎರಡೂ ಉತ್ತರ ಸರಿಯಿಲ್ಲ’ ಅನ್ನುತ್ತೇವೆ. ಅದನ್ನೇ ‘ಬೋತ್ ಆನ್ಸರ್ಸ್ ಆರ್ ನಾಟ್ ಕರೆಕ್ಟ್’ ಎಂದು ಬರೆದರೆ, ಒಂದು ಸರಿ ಇರಬಹುದೇನೋ ಎಂಬ ಅನುಮಾನ ಉಳಿಯುತ್ತದೆ. ‘ನೈದರ್ ಆಫ್ ದ ಆನ್ಸರ್ಸ್ ಈಸ್ ಕರೆಕ್ಟ್’ ಅಂದರೆ ಎರಡೂ ತಪ್ಪು ಎಂಬುದು ಖಚಿತ. ನಮ್ಮ ‘ಇಲ್ಲ’ ವಾಕ್ಯದ ಕೊನೆಯಲ್ಲಿ ಬರುತ್ತದೆ, ಅವರ ‘ಇಲ್ಲ’ ನೈದರ್‌ನಲ್ಲೇ ಬಂದಾಯಿತು. ಆದ್ದರಿಂದ ಮುಂದೆ ಮತ್ತೆ ‘ನಾಟ್’ ಸೇರಿಸಬಾರದು. ಮಾತಿನಲ್ಲಿ ‘ನೈದರ್ ಆಫ್ ದೆಮ್ ಆರ್’ ಜಾಸ್ತಿ ಕೇಳಿಸುತ್ತದೆ, ಆದರೆ ಪರೀಕ್ಷೆಗೆ ‘ಈಸ್’ ಇಟ್ಟುಕೊಳ್ಳಿ. ‘ನೈದರ್‌-ನಾರ್’ ಜೋಡಿಯಾಗಿ ಬಂದರೆ ಲೆಕ್ಕ ಬೇರೆ. ಅಲ್ಲಿ ಕ್ರಿಯಾಪದ ಹತ್ತಿರದವರ ಮಾತು ಕೇಳುತ್ತದೆ: ‘ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್ ವರ್ ದೇರ್.’ ಇಬ್ಬರ ಜಾಗ ಅದಲುಬದಲಾದರೆ ‘ವಾಸ್’.

ಇನ್ನು ಟೀಮ್, ಕಮಿಟಿ, ಫ್ಯಾಮಿಲಿ. ಇಲ್ಲಿ ಊರಿಗೊಂದು ರೂಢಿ. ಅಮೆರಿಕದವರು ಸಾಮಾನ್ಯವಾಗಿ ‘ದ ಟೀಮ್ ಈಸ್’ ಅನ್ನುತ್ತಾರೆ. ಬ್ರಿಟಿಷರು ಒಳಗಿನ ಜನರನ್ನು ನೆನೆದು ‘ದ ಟೀಮ್ ಆರ್’ ಎನ್ನುವುದೂ ಉಂಟು. ಕ್ರಿಕೆಟ್ ಕಾಮೆಂಟರಿಯಲ್ಲಿ ‘ಇಂಡಿಯಾ ಆರ್ 120 ಫಾರ್ 3’ ಅನ್ನುವುದು ನೀವೂ ಕೇಳಿರುತ್ತೀರಿ. ಅಲ್ಲಿ ಇಂಡಿಯಾ ಅಂದರೆ ಹನ್ನೊಂದು ಆಟಗಾರರು, ದೇಶವಲ್ಲ. ಗುಂಪು ಒಂದಾಗಿ ಕೆಲಸ ಮಾಡಿದರೆ ಏಕವಚನ ಹಾಕಿ: ‘ದ ಕಮಿಟಿ ಹ್ಯಾಸ್ ಡಿಸೈಡೆಡ್.’ ಒಳಗಿನವರು ಬೇರೆಬೇರೆ ದಾರಿ ಹಿಡಿದರೆ ಬಹುವಚನ: ‘ದ ಜೂರಿ ವರ್ ಡಿವೈಡೆಡ್ ಇನ್ ದೇರ್ ಒಪೀನಿಯನ್ಸ್.’ ನಾನು ಕಂಡ ದೊಡ್ಡ ತಪ್ಪು ಎರಡನ್ನೂ ಬೆರೆಸುವುದು. ‘ದ ಕಮಿಟಿ ಹ್ಯಾಸ್’ ಎಂದು ಶುರುಮಾಡಿ, ಮುಂದಿನ ವಾಕ್ಯದಲ್ಲಿ ಅದೇ ಕಮಿಟಿಗೆ ‘ಆರ್’ ಹಾಕುತ್ತಾರೆ. ಕಾರಣವಿಲ್ಲದೆ ಹಾಗೆ ಬದಲಿಸಬೇಡಿ.

‘ಪೊಲೀಸ್’ ಮಾತ್ರ ಈ ಗುಂಪಿಗೆ ಸೇರುವುದಿಲ್ಲ. ಅದಕ್ಕೆ ಬಹುವಚನವೇ ಬರಬೇಕು: ‘ದ ಪೊಲೀಸ್ ಹ್ಯಾವ್ ಅರೆಸ್ಟೆಡ್ ಹಿಮ್.’ ಕನ್ನಡದಲ್ಲಿ ‘ಒಬ್ಬ ಪೊಲೀಸ್ ಬಂದ’ ಅನ್ನುತ್ತೇವೆ, ಅದಕ್ಕೇ ಕೈ ತಾನಾಗಿ ‘ಎ ಪೊಲೀಸ್ ಹ್ಯಾಸ್ ಕಮ್’ ಎಂದು ಬರೆಯುತ್ತದೆ. ಬಂದವರು ಒಬ್ಬರೇ ಆಗಿದ್ದರೆ ‘ಎ ಪೊಲೀಸ್ ಆಫೀಸರ್ ಹ್ಯಾಸ್ ಕಮ್’ ಎಂದು ಬರೆಯಿರಿ.