ಫೇಲಾದ ಗೆಳೆಯನಿಗೆ ಏನು ಹೇಳೋದು?

ಫಲಿತಾಂಶ ಬಂದ ವಾರಗಳಲ್ಲಿ ನನ್ನ ಬಳಿ ಬರುವವರು ಫೇಲಾದವರಷ್ಟೇ ಅಲ್ಲ, ಅವರ ಗೆಳೆಯರೂ ಬರುತ್ತಾರೆ. "ಸಮಾಧಾನ ಮಾಡೋಕೆ ಹೋದೆ, ಈಗ ನನ್ನ ಜೊತೆ ಮಾತೇ ಬಿಟ್ಟಿದ್ದಾನೆ" ಅನ್ನುತ್ತಾರೆ. ಪದೇ ಪದೇ ಇದೇ ಕೇಳಿ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಇಬ್ಬರು ಹುಡುಗರು, ಒಟ್ಟಿಗೆ ಕೂತು ಓದಿದವರು. ಒಬ್ಬ ಪಾಸಾದ, ಇನ್ನೊಬ್ಬ ಒಂದು ವಿಷಯದಲ್ಲಿ ಫೇಲಾದ. ನನ್ನ ಬಳಿ ಬಂದವನು ಪಾಸಾದವನು. ಅವತ್ತು ಸಂಜೆಯೇ ಗೆಳೆಯನ ಮನೆಗೆ ಹೋಗಿ, ಒಂದೇ ಸಬ್ಜೆಕ್ಟ್ ಅಲ್ವಾ, ಮುಂದಿನ ಸಲ ಗ್ಯಾರಂಟಿ ಆಗುತ್ತೆ, ನನ್ನ ನೋಟ್ಸ್ ತಗೋ, ನಾಳೆಯಿಂದಲೇ ಶುರು ಮಾಡೋಣ ಅಂತೆಲ್ಲ ಹೇಳಿ ಬಂದಿದ್ದ. ಆಮೇಲೆ ಗೆಳೆಯ ಫೋನ್ ಎತ್ತಲಿಲ್ಲ. ಕೊನೆಗೆ ಒಂದು ಮೆಸೇಜ್ ಬಂತು: "ಬೇಜಾರಾಗಿದ್ದು ನಂಗೆ. ನೀನು ಅದನ್ನ ಅರ್ಧ ಗಂಟೇಲಿ ಮುಗಿಸಿ ಹೋದೆ."

"ನಾನು ಹೇಳಿದ್ದರಲ್ಲಿ ಒಂದು ಮಾತಾದ್ರೂ ತಪ್ಪಿತ್ತಾ ಮೇಡಂ?" ಅಂತ ಕೇಳಿದ.

ನಾನೇ ನಿನ್ನ ಗೆಳೆಯ ಅಂದುಕೋ ಅಂದೆ. "ಮನೇಲಿ ಯಾರ ಮುಖಾನೂ ನೋಡೋಕಾಗ್ತಿಲ್ಲ ಕಣೋ" ಅಂದರೆ, "ಎರಡು ದಿನ ಬಿಟ್ರೆ ಎಲ್ಲಾ ಮರೀತಾರೆ ಬಿಡೋ" ಅಂದ. "ಅಷ್ಟು ಓದಿಯೂ ಹೀಗಾಯ್ತಲ್ಲ" ಅಂದರೆ, "ಓದೋ ರೀತಿ ಸ್ವಲ್ಪ ಬದಲಾಯಿಸು" ಅಂದ. ಅಲ್ಲಿಗೇ ನಿಲ್ಲಿಸಿದೆ. ಇನ್ನೊಮ್ಮೆ ಅದೇ ಮಾತು ಹೇಳ್ತೀನಿ, ಈ ಸಲ ಉತ್ತರ ಬೇಡ, ನಿನ್ನ ಕಿವಿಗೆ ಬಿದ್ದದ್ದು ಏನು ಅಂತ ಮಾತ್ರ ಹೇಳು ಅಂದೆ.

ಅವನಿಗೆ ಆಗಲಿಲ್ಲ. ಬಾಯಿ ತೆರೆದ, ಮುಚ್ಚಿದ. ತುಂಬ ಹೊತ್ತಿನ ಮೇಲೆ, "ಅವನು ಹಾಗೆ ಕೂತಿರೋದು ನನ್ನಿಂದ ನೋಡೋಕಾಗಲ್ಲ ಮೇಡಂ. ನಾನು ಪಾಸಾಗಿದ್ದೀನಲ್ಲ, ಒಂಥರಾ ಆಗುತ್ತೆ. ಏನಾದ್ರೂ ಹೇಳಿ ಸರಿ ಮಾಡಿಬಿಡೋಣ ಅನ್ಸುತ್ತೆ" ಅಂದ.

ನಾನು ಕಾಯುತ್ತಿದ್ದದ್ದು ಇದಕ್ಕೇ. ಅವತ್ತು ಸಂಜೆ ಆಡಿದ ಮಾತುಗಳಲ್ಲಿ ಅರ್ಧ ಅವನ ಸಂಕಟಕ್ಕೇ ಹಚ್ಚಿಕೊಂಡ ಮುಲಾಮು. ಪ್ರೀತಿ ಇರಲಿಲ್ಲ ಅಂತಲ್ಲ. ಆದರೆ "ಒಂದೇ ಸಬ್ಜೆಕ್ಟ್" ಅಂದಾಗ ಎದುರಿಗಿರುವವನಿಗೆ ಕೇಳಿಸುವುದು "ಇಷ್ಟಕ್ಕೆಲ್ಲ ಅಳಬಾರದು" ಅಂತ. "ಮುಂದಿನ ಸಲ ಗ್ಯಾರಂಟಿ" ಅಂದರೆ, ಈ ಸಲ ಕಳೆದುಕೊಂಡದ್ದನ್ನು ಹೇಳಿಕೊಳ್ಳಲು ಜಾಗವೇ ಉಳಿಯುವುದಿಲ್ಲ, ಮೇಲಿಂದ ಮುಂದಿನ ಸಲದ ಭಾರವೂ ಇವತ್ತೇ ಹೆಗಲೇರುತ್ತದೆ.

ಅಲ್ಲೇ ಕೂತು ಅವನು ಗೆಳೆಯನಿಗೆ ಬರೆದದ್ದು ಇಷ್ಟು: "ಅವತ್ತು ನಾನೇ ಮಾತಾಡಿದೆ, ನಿನ್ನ ಮಾತು ಕೇಳಲಿಲ್ಲ. ತುಂಬ ಬೇಜಾರಲ್ಲಿದ್ದೀಯ ಅಂತ ಗೊತ್ತು. ಶನಿವಾರ ಬರ್ತೀನಿ, ಬೇಡ ಅಂದ್ರೆ ಹೇಳು. ಇದಕ್ಕೆ ರಿಪ್ಲೈ ಮಾಡ್ಲೇಬೇಕು ಅಂತೇನಿಲ್ಲ." ಕೊನೆಯಲ್ಲಿದ್ದ "ಹೇಗಿದ್ದೀಯ?" ನಾನೇ ತೆಗೆಸಿದೆ. ನಾಚಿಕೆಯಲ್ಲಿ ಕುಗ್ಗಿರುವವನಿಗೆ ಆ ಪ್ರಶ್ನೆಗೆ ಉತ್ತರ ಹುಡುಕುವುದೂ ಒಂದು ಕೆಲಸ.

"ನಾನು ದಡ್ಡ ಅಲ್ವಾ ಅಂತ ಕೇಳಿದ್ರೆ?" ಅಂದ. ಇಲ್ಲಿ ಎಲ್ಲರೂ ಜಾರುತ್ತಾರೆ. "ಛೇ, ಹಾಗೇನಿಲ್ಲ" ಅಂದರೆ ಅವನು ವಾದಕ್ಕೆ ನಿಲ್ಲುತ್ತಾನೆ, ಇಲ್ಲವೇ ಬಾಯಿ ಮುಚ್ಚುತ್ತಾನೆ. "ನಂಗೆ ಹಾಗೆ ಅನ್ಸಲ್ಲ. ಆದ್ರೆ ನಿಂಗೆ ಅನ್ಸ್ತಿದೆ ಅಲ್ವಾ, ಯಾವಾಗ ಜಾಸ್ತಿ ಅನ್ಸುತ್ತೆ?" ಅನ್ನು ಎಂದೆ. ಹಾಗೇ ಕೇಳಿದನಂತೆ. ಅಪ್ಪ ಊಟಕ್ಕೆ ಕರೆದಾಗ, ಅಂದನಂತೆ ಗೆಳೆಯ. ಅಪ್ಪ ಬೈದೇ ಇಲ್ಲ, ಅದೇ ತಡೆಯೋಕಾಗ್ತಿಲ್ಲ ಅಂತ. ನೋಟ್ಸ್ ಕೊಡಲು ಹೋದವನಿಗೆ ಈ ಮಾತು ಸಿಗುತ್ತಿರಲಿಲ್ಲ.

ಸುಮ್ನೆ ಕೇಳಿಸಿಕೊಂಡು ಕೂತರೆ ಮರುಮೌಲ್ಯಮಾಪನದ ಕೊನೆಯ ದಿನ ದಾಟಿಹೋಗಲ್ವಾ ಅಂತ ನನ್ನನ್ನು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ದಿನಾಂಕ ತಿಳಿಸುವುದು ಉಪದೇಶ ಅಲ್ಲ. "ಅರ್ಜಿ ಹಾಕೋಕೆ ಇಂಥ ದಿನದವರೆಗೆ ಟೈಮ್ ಇದೆ, ಬೇಕಾದ್ರೆ ಜೊತೆಗೆ ಬರ್ತೀನಿ" ಅಂತ ಒಮ್ಮೆ ಹೇಳಿ ಬಿಟ್ಟುಬಿಡಿ. ಹಾಕುವುದು ಬಿಡುವುದು ಅವನಿಗೆ ಸೇರಿದ್ದು.

ಆದರೆ ಸುಮ್ಮನೆ ಕೇಳಿಸಿಕೊಂಡರೆ ಸಾಲದ ಸಂದರ್ಭವೂ ಇದೆ. "ನಾನಿಲ್ಲದಿದ್ರೆ ಎಲ್ಲರಿಗೂ ಒಳ್ಳೇದು" ಅನ್ನುವಂಥ ಮಾತು ಬಂದರೆ, ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, "ಸಾಯಬೇಕು ಅನ್ನೋ ಯೋಚನೆ ಬರ್ತಿದ್ಯಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವನನ್ನು ಒಂಟಿಯಾಗಿ ಬಿಡಬೇಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ಮನೆಯ ಹಿರಿಯರಲ್ಲಿ ಒಬ್ಬರಿಗೆ ಅವತ್ತೇ ತಿಳಿಸಿ, ಅವರ ಜೊತೆ ವೈದ್ಯರ ಬಳಿ ಕರೆದುಕೊಂಡು ಹೋಗಿ, ಅವನು ಸಿಟ್ಟಾದರೂ ಸರಿ.