ನುಂಗಿಹೋದ ವಿಭಕ್ತಿ: ಬಿ1ರಲ್ಲಿ ನಿಂತ ಫ್ರೆಂಚ್ ಬಗ್ಗೆ

‘ಅಕ್ಕ, ಮಾಂಟ್ರಿಯಲ್‌ಗೆ ಬಂದು ಒಂದೂವರೆ ವರ್ಷ ಆಯ್ತು. ಫ್ರೆಂಚ್ ಬಿ1, ಅಂದರೆ ನಡುವಿನ ಹಂತ, ಮುಗಿಸಿದೀನಿ. ರೇಡಿಯೊ ಮುಕ್ಕಾಲು ಅರ್ಥ ಆಗುತ್ತೆ, ಅಂಗಡಿ, ಬ್ಯಾಂಕು ಎಲ್ಲ ನಡೆಯುತ್ತೆ. ಆದರೆ ಒಂಬತ್ತು ತಿಂಗಳಿಂದ ಮಾತು ಇದ್ದಲ್ಲೇ ಇದೆ. ವಾರಕ್ಕೆ ಎರಡು ದಿನ ಮಾತಾಡೋ ಗುಂಪಿಗೂ ಹೋಗ್ತೀನಿ. ಟೆಫ್ ಅನ್ನೋ ಫ್ರೆಂಚ್ ಪರೀಕ್ಷೆಯ ಮೌಖಿಕದಲ್ಲಿ ಮುಂದಿನ ಹಂತ ಬಿ2 ಬರಬೇಕು. ನೀವು ಹೇಗೆ ದಾಟಿದ್ರಿ?’

ಅಕ್ಕ ಅಂದಿದೀಯಲ್ಲ, ಹಾಗಾಗಿ ‘ನೀನು’ ಅಂತಲೇ ಬರೀತೀನಿ.

ಮಾತಾಡೋ ಗುಂಪಿನಿಂದ ಮೊದಲ ವರ್ಷ ಲಾಭ ಇದೆ, ಆಮೇಲೆ ಇಲ್ಲ. ಅಲ್ಲಿ ನಿನಗೆ ಬರೋದನ್ನ ನೀನು ಮಾತಾಡ್ತೀಯ, ಎದುರಿಗಿದ್ದವರಿಗೆ ಅರ್ಥ ಆಗುತ್ತೆ, ಅವರು ತಲೆ ಆಡಿಸ್ತಾರೆ. ಅರ್ಥ ಆದಮೇಲೆ ಯಾರು ತಿದ್ದುತ್ತಾರೆ? ನಾನೂ ಇಲ್ಲಿಗೆ ಬಂದ ಎರಡನೇ ವರ್ಷ ಹೀಗೇ ಕೂತಿದ್ದೆ. ಸೋಮವಾರ ಬೆಳಿಗ್ಗೆ ಕಾಫಿ ಹತ್ತಿರ ಅದೇ ಪ್ರಶ್ನೆ, ವಾರಾಂತ್ಯ ಹೇಗಿತ್ತು ಅಂತ. ನನ್ನದೂ ಅದೇ ನಾಲ್ಕು ವಾಕ್ಯದ ಉತ್ತರ.

ಒಂದು ದಿನ ಫೋನಿನಲ್ಲಿ ನನ್ನ ಮಾತನ್ನೇ ಮೂರು ನಿಮಿಷ ರೆಕಾರ್ಡ್ ಮಾಡಿ, ಕೇಳಿದ್ದನ್ನ ಹಾಗೇ, ತಪ್ಪಿನ ಸಮೇತ ಬರೆದೆ. ಮೂರು ನಿಮಿಷದ ಮಾತು ಬರೆಯೋಕೆ ಮುಕ್ಕಾಲು ಗಂಟೆ ಹಿಡೀತು. ತಪ್ಪು ತುಂಬಾ ಇರುತ್ತೆ ಅಂದುಕೊಂಡಿದ್ದೆ, ಇರಲಿಲ್ಲ. ‘ಇದು’ ಅನ್ನೋ ‘ಸೆ’ ಹತ್ತೊಂಬತ್ತು ಸಲ, ‘ಇದೆ’ ಅನ್ನೋ ‘ಇಲ್ ಯಾ’ ಹನ್ನೊಂದು ಸಲ, ಮಿಕ್ಕಿದ್ದೆಲ್ಲ ಐದಾರು ಪದದ ತುಂಡು ವಾಕ್ಯ, ನಡುವೆ ‘ಎ’, ‘ಮೆ’, ಅಂದರೆ ಮತ್ತು, ಆದರೆ. ಎರಡು ವಾಕ್ಯ ಹೊಲಿಯೋ ‘ದೋಂ’ ಒಂದೂ ಇಲ್ಲ, ‘ಅದರಲ್ಲಿ’ ಅನ್ನೋ ‘ಆಂ’ ಒಂದೂ ಇಲ್ಲ. ಕಷ್ಟದ ರಚನೆ ಬರುವ ಕಡೆಯೆಲ್ಲ ಪಕ್ಕಕ್ಕೆ ಸರಿದು ಹೋಗಿದ್ದೆ, ನನಗೇ ಗೊತ್ತಿಲ್ಲದೆ. ಬಿ1ರಲ್ಲಿ ನಿಂತವರ ತೊಂದರೆ ತಪ್ಪಿಗಿಂತ ಹೆಚ್ಚಾಗಿ ಈ ತಪ್ಪಿಸಿಕೊಳ್ಳೋದು. ತಪ್ಪನ್ನಾದರೂ ಯಾರೋ ಹಿಡೀತಾರೆ. ನೀನು ಹೇಳದೇ ಬಿಟ್ಟ ವಾಕ್ಯ ಯಾರ ಕಿವಿಗೂ ಬೀಳಲ್ಲ.

ಕನ್ನಡದವರು ಎಲ್ಲಿ ತಪ್ಪಿಸಿಕೊಳ್ತೀವಿ ಅನ್ನೋದಕ್ಕೆ ಕನ್ನಡದಲ್ಲೇ ಕಾರಣ ಇದೆ. ‘ಸಮಸ್ಯೆಯ ಬಗ್ಗೆ ಹೇಳಿದೆ’, ‘ಪೆನ್ನಿನಿಂದ ಬರೆದೆ’, ‘ಕೋಣೆಯಲ್ಲಿ ಮಲಗಿದೆ’ ಅಂತೀವಿ. ಈಗ ಇವನ್ನೇ ತಿರುಗಿಸು: ನಾನು ಹೇಳಿದ ಸಮಸ್ಯೆ, ನಾನು ಬರೆದ ಪೆನ್ನು, ನಾನು ಮಲಗಿದ ಕೋಣೆ. ‘ಬಗ್ಗೆ’, ‘ಇಂದ’, ‘ಅಲ್ಲಿ’ ಮೂರೂ ಮಾಯ. ಕನ್ನಡ ಆ ವಿಭಕ್ತಿಯನ್ನ ನುಂಗಿಬಿಡುತ್ತೆ, ಕೇಳುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ತಾರೆ. ಫ್ರೆಂಚ್ ನುಂಗೋಕೆ ಬಿಡಲ್ಲ. ಮೊದಲನೆಯದಕ್ಕೆ ‘ದೋಂ’, ಎರಡನೆಯದಕ್ಕೆ ‘ಅವೆಕ್ ಲಕೆಲ್’, ಮೂರನೆಯದಕ್ಕೆ ‘ಊ’ ಬೇಕು, ಅದೂ ಕ್ರಿಯಾಪದ ಬಾಯಿಗೆ ಬರೋಕೆ ಮುಂಚೆಯೇ. ಅಂದರೆ ಮುಂದೆ ಯಾವ ಕ್ರಿಯಾಪದ ಬರುತ್ತೆ, ಅದರ ಬಾಲಕ್ಕೆ ‘ದ’ ಅಂಟುತ್ತೋ ‘ಅ’ ಅಂಟುತ್ತೋ ಅಂತ ಮೊದಲೇ ಗೊತ್ತಿರಬೇಕು. ಬಗ್ಗೆ ಮಾತಾಡೋ ‘ಪಾರ್ಲೆ ದ’, ಬೇಕು ಅನ್ನೋ ‘ಅವ್ವಾರ್ ಬಜ್ವಾಂ ದ’ ಆದರೆ ‘ದೋಂ’. ಯೋಚಿಸೋ ‘ಪಾಂಸೆ ಅ’, ಉತ್ತರ ಕೊಡೋ ‘ರೆಪೋಂದ್ರ್ ಅ’ ಆದರೆ, ಮನುಷ್ಯರಿಗೆ, ‘ಅ ಕಿ’. ಅದಕ್ಕೇ ಕ್ರಿಯಾಪದವನ್ನ ಯಾವತ್ತೂ ಬಾಲದ ಜೊತೆಗೇ ಬರೆದಿಟ್ಟುಕೋ.

ಇನ್ನು ಅಭ್ಯಾಸ. ಎರಡು ವಾರಕ್ಕೆ ಒಂದೇ ರಚನೆ ಹಿಡಿ, ಮಿಕ್ಕ ತಪ್ಪುಗಳು ಹಾಗೇ ಇರಲಿ. ಮೊದಲು ಬರವಣಿಗೆ, ಆಮೇಲೆ ಮಾತು. ಬರೆಯುವಾಗ ಯೋಚಿಸೋಕೆ ಸಮಯ ಸಿಗುತ್ತೆ, ಮಾತಿನಲ್ಲಿ ಸಿಗಲ್ಲ. ನಾನು ಬರೆದ ಮೊದಲ ಕಾಗದ ಮನೆ ಮಾಲೀಕರಿಗೆ. ಜನವರಿ ತಿಂಗಳು, ಮಗಳ ಕೋಣೆಯ ಹೀಟರು ಕೆಟ್ಟಿತ್ತು, ಹಾಗಾಗಿ ಅದು ಸುಮ್ಮನೆ ಅಭ್ಯಾಸಕ್ಕೆ ಬರೆದದ್ದಲ್ಲ. ಮೊದಲ ಕರಡಿನಲ್ಲಿ ನನ್ನ ಫ್ರೆಂಚ್ ಹೀಗಿತ್ತು: ಒಂದು ಸಮಸ್ಯೆ ಇದೆ. ಹೋದ ವಾರ ಹೇಳಿದ್ದೆ. ಅದು ಸರಿಯಾಗಿಲ್ಲ. ಕಟ್ಟಡದ ಕಾವಲುಗಾರರಿಗೆ ಸಂದೇಶ ಬಿಟ್ಟೆ. ಅವರು ಉತ್ತರ ಕೊಡಲಿಲ್ಲ. ಒಂದು ಕೋಣೆ ತಣ್ಣಗಿದೆ. ಅಲ್ಲಿ ನನ್ನ ಮಗಳು ಮಲಗುತ್ತಾಳೆ.

ವ್ಯಾಕರಣದ ಪ್ರಕಾರ ಒಂದೂ ತಪ್ಪಿಲ್ಲ. ಪರೀಕ್ಷಕರು ಮಾತ್ರ ಇದಕ್ಕೆ ಬಿ1 ಕೊಟ್ಟು ಪಕ್ಕಕ್ಕಿಡ್ತಾರೆ. ಏಳು ತುಂಡುಗಳಲ್ಲಿ ಆರನ್ನ ಎರಡೆರಡಾಗಿ ಹೊಲಿಯೋದು ಕೆಲಸ. ‘ಲ ಪ್ರೊಬ್ಲೆಮ್ ದೋಂ ಜ ವು ಜೆ ಪಾರ್ಲೆ’, ಅಂದರೆ ನಾನು ನಿಮಗೆ ಹೇಳಿದ ಸಮಸ್ಯೆ, ಇನ್ನೂ ಸರಿಯಾಗಿಲ್ಲ. ‘ಲ ಕೋಂಸ್ಯೆರ್ಜ್ ಅ ಕಿ ಜೆ ಲೆಸೆ ಅಂ ಮೆಸಾಜ್’, ನಾನು ಸಂದೇಶ ಬಿಟ್ಟ ಕಾವಲುಗಾರರು, ಉತ್ತರ ಕೊಟ್ಟಿಲ್ಲ. ‘ಲಾ ಶಾಂಬ್ರ್ ಊ ದೋರ್ ಮಾ ಫೀಯ್’, ನನ್ನ ಮಗಳು ಮಲಗುವ ಕೋಣೆ, ತಣ್ಣಗಿದೆ. ಮೂರು ವಾಕ್ಯ, ಮೂರು ಬೇರೆ ಬೇರೆ ಕೊಂಡಿ.

ಕಾಗದ ನೂರೈವತ್ತು ಪದ ಇದ್ದರೆ ಸಾಕು, ಆದರೆ ಹಿಡಿದ ರಚನೆ ಅದರಲ್ಲಿ ನಾಲ್ಕು ಸಲವಾದರೂ ಬರಬೇಕು. ತಿದ್ದುವವರಿಗೆ ಒಂದು ಮಾತು ಮೊದಲೇ ಹೇಳು: ಸರಿ ಮಾಡಿ ಬರೆದುಕೊಡಬೇಡಿ, ತಪ್ಪಿದ್ದ ಕಡೆ ಗೆರೆ ಎಳೆದು ಕೊಡಿ ಅಂತ. ಬರೆದುಕೊಟ್ಟರೆ ‘ಓ ಹೌದಲ್ಲ’ ಅಂದುಕೊಂಡು ಪುಟ ತಿರುಗಿಸ್ತೀವಿ. ಗೆರೆ ಮಾತ್ರ ಇದ್ದರೆ ತಲೆ ಕೆರೆದುಕೊಳ್ಳಬೇಕಾಗುತ್ತೆ. ಎರಡು ದಿನ ಬಿಟ್ಟು ಹಳೆಯದನ್ನ ನೋಡದೆ ಅದೇ ಕಾಗದ ಮತ್ತೆ ಬರಿ.

ಈಗ ಅದೇ ವಿಷಯ ಬಾಯಲ್ಲಿ. ನಾಲ್ಕು ನಿಮಿಷ ಹೇಳು, ಮತ್ತೆ ಅದನ್ನೇ ಮೂರು ನಿಮಿಷದಲ್ಲಿ, ಮತ್ತೆ ಎರಡರಲ್ಲಿ. ಸಾಧ್ಯವಾದರೆ ಪ್ರತಿ ಸಲ ಬೇರೆಯವರ ಮುಂದೆ, ಯಾರೂ ಇಲ್ಲದಿದ್ದರೆ ಫೋನಿನ ಮುಂದೆ. ಮೂರನೇ ಸಲ ಏನು ಹೇಳಬೇಕು ಅಂತ ಹುಡುಕೋ ಕೆಲಸ ಇರಲ್ಲ, ಗಮನವೆಲ್ಲ ಹೇಳುವ ರೀತಿಗೆ ಸಿಗುತ್ತೆ. ಆದರೆ ತಿದ್ದಿಸಿಕೊಳ್ಳದೆ ಇದನ್ನ ಮಾಡಬೇಡ. ನಾನು ಮೊದಲ ತಿಂಗಳು ಬರವಣಿಗೆ ಬಿಟ್ಟು ಬರೀ ಇದನ್ನೇ ಮಾಡಿದೆ. ತಪ್ಪುಗಳೇ ಇನ್ನೂ ವೇಗವಾಗಿ, ಇನ್ನೂ ಧೈರ್ಯವಾಗಿ ಬರೋಕೆ ಶುರುವಾದವು! ಅವನ್ನ ಬಿಡಿಸೋಕೆ ಇನ್ನೊಂದು ತಿಂಗಳು ಹೋಯ್ತು.

ಹಿಡಿತ ಸಿಗ್ತಿದೆ ಅಂತ ಗೊತ್ತಾಗೋ ರೀತಿ ವಿಚಿತ್ರ, ಮಾತು ಮೊದಲು ಕೆಡುತ್ತೆ. ಸಲೀಸಾಗಿ ಹೇಳ್ತಿದ್ದ ಕಡೆ ತಡವರಿಸ್ತೀಯ, ಅರ್ಧ ವಾಕ್ಯಕ್ಕೆ ನಿಂತು ತಿದ್ದಿಕೊಳ್ತೀಯ. ಆಮೇಲೆ ‘ದೋಂ’ ಬೇಡದ ಕಡೆಯೂ ನುಗ್ಗುತ್ತೆ. ನಾನಿರೋ ಮನೆ ಅನ್ನೋಕೆ ನಾನು ಸುಮಾರು ದಿನ ‘ಲಾ ಮೆಜೋಂ ದೋಂ ಜಾಬಿತ್’ ಅಂತಿದ್ದೆ. ಅಲ್ಲಿ ‘ಊ’ ಬರಬೇಕು. ಗಾಬರಿ ಬೇಡ, ರಚನೆ ಪುಸ್ತಕದಿಂದ ಬಾಯಿಗೆ ಇಳಿಯುವಾಗ ಹೀಗೇ ಆಗುತ್ತೆ. ಆರು ವಾರ ಆದಮೇಲೆ ಮೊದಲ ರೆಕಾರ್ಡಿನ ವಿಷಯವನ್ನೇ ಮತ್ತೆ ಮಾತಾಡಿ, ಬರೆದು, ಎರಡನ್ನೂ ಪಕ್ಕಪಕ್ಕ ಇಡು. ತುಂಡು ವಾಕ್ಯ ಕಡಿಮೆಯಾಗಿದೆಯಾ ಅಂತ ಮಾತ್ರ ನೋಡು.

ಎರಡನೇ ರಚನೆಯಾಗಿ ‘ಆಂ’ ಹಿಡಿ. ಇದೂ ಕನ್ನಡ ನುಂಗೋ ಸಾಮಾನೇ. ‘ಬಾಳೆಹಣ್ಣು ತಂದ್ಯಾ?’ ‘ಮೂರು ತಂದೆ.’ ಏನನ್ನ ಅಂತ ನಾವು ಹೇಳಲ್ಲ. ಫ್ರೆಂಚಿನಲ್ಲಿ ‘ಜಾಂ ನೆ ಆಶ್ತೆ ತ್ರ್ವಾ’, ಆ ‘ಆಂ’ ಇಲ್ಲದಿದ್ದರೆ ವಾಕ್ಯ ಕುಂಟುತ್ತೆ. ಇದಕ್ಕೆ ಕಾಗದ ಬರೆಯೋಕಿಂತ ಅಡುಗೆಮನೆ ಒಳ್ಳೇದು. ನಮ್ಮ ಯಜಮಾನರು ತರಕಾರಿ ಹೆಚ್ಚುತ್ತಾ ಕನ್ನಡದಲ್ಲಿ ಕೇಳೋರು: ಈರುಳ್ಳಿ ಎಷ್ಟಿದೆ, ಹಾಲು ಉಳಿದಿದೆಯಾ, ಅಕ್ಕಿ ಬೇಕಾ. ನಾನು ಫ್ರೆಂಚಿನಲ್ಲಿ ಉತ್ತರ ಕೊಡಬೇಕು, ಪ್ರತಿ ಉತ್ತರದಲ್ಲೂ ‘ಆಂ’ ಇರಬೇಕು. ದಿನಕ್ಕೆ ಹತ್ತು ಪ್ರಶ್ನೆ. ಯೋಚಿಸೋಕೆ ಪುರುಸೊತ್ತು ಕೊಡ್ತಿರಲಿಲ್ಲ, ಅದೇ ಅದರ ಗುಣ.

ಕನ್ನಡ ಎಲ್ಲ ಕಡೆ ಅಡ್ಡ ಬರುತ್ತೆ ಅಂತಲ್ಲ. ‘ಎರಡು ವರ್ಷದಿಂದ ಇಲ್ಲಿದ್ದೀನಿ’ ಅನ್ನೋದನ್ನ ಫ್ರೆಂಚ್ ಕೂಡ ವರ್ತಮಾನದಲ್ಲೇ ಹೇಳುತ್ತೆ, ‘ಜಾಬಿತ್ ಇಸಿ ದಪ್ವಿ ದೋ ಜಾಂ’. ಇಂಗ್ಲಿಷಿನ ಮೂಲಕ ಹೋದರೆ ಇಲ್ಲಿ ಹಾದಿ ತಪ್ಪುತ್ತೆ, ಕನ್ನಡದಿಂದ ನೇರ ಹೋದರೆ ತಪ್ಪಲ್ಲ. ಕ್ವಿಬೆಕ್‌ನ ಬೀದಿ ಮಾತಿನ ‘ಸೆ ತು ಲ್ವಾಂ?’ ಕೇಳಿರ್ತೀಯ. ಆ ‘ತು’ ಅಂದರೆ ನೀನು ಅಲ್ಲ, ‘ದೂರಾನಾ?’ ಅಂತೀವಲ್ಲ, ಆ ಕೊನೆಯ ‘ಆ’ ಇದ್ದ ಹಾಗೆ. ಸ್ನೇಹಿತರ ಹತ್ತಿರ ಧಾರಾಳವಾಗಿ ಬಳಸು, ಪರೀಕ್ಷೆಯಲ್ಲಿ ಬೇಡ.

ಟೆಫ್ ಮೌಖಿಕ ಹದಿನೈದು ನಿಮಿಷ, ಎರಡು ಭಾಗ. ಮೊದಲ 5 ನಿಮಿಷ ಒಂದು ಜಾಹೀರಾತು ಕೊಟ್ಟು, ಫೋನಿನಲ್ಲಿ ವಿಚಾರಿಸೋ ಹಾಗೆ ನೀನು ಪ್ರಶ್ನೆ ಕೇಳಬೇಕು. ಇಲ್ಲಿ ನಮ್ಮವರು ಹತ್ತು ಪ್ರಶ್ನೆಯನ್ನೂ ಪ್ರಶ್ನೆಗೆ ಮುಂಚೆ ಬರೋ ‘ಎಸ್ ಕ’ ಹಾಕಿಯೇ ಶುರುಮಾಡ್ತಾರೆ. ‘ಜ ವೂದ್ರೆ ಸವ್ವಾರ್ ಸಿ’, ಅಂದರೆ ಇಂಥದ್ದು ಇದೆಯಾ ತಿಳಿಯಬೇಕಿತ್ತು, ಅನ್ನೋ ಥರದ ಮೂರು ಬೇರೆ ಆರಂಭ ಬಾಯಿಪಾಠ ಆಗಿರಲಿ. ಈಜುಕೊಳಕ್ಕೋ ಗ್ಯಾರೇಜಿಗೋ ನಿಜವಾಗಿ ಫೋನ್ ಮಾಡಿ ಕೇಳು, ವಾರಕ್ಕೊಂದು. ಅವರು ಇಂಗ್ಲಿಷಿಗೆ ಹೊರಳಿದರೆ ‘ಜ ಪ್ರೆಫೆರ್ ಕೋಂತಿನ್ಯುಎ ಆಂ ಫ್ರಾಂಸೆ’, ಅಂದರೆ ಫ್ರೆಂಚಿನಲ್ಲೇ ಮುಂದುವರಿಸೋದು ನನಗಿಷ್ಟ, ಅಂದುಬಿಡು, ಬೇಜಾರು ಮಾಡಿಕೊಳ್ಳಲ್ಲ. ಉಳಿದ 10 ನಿಮಿಷ ಸ್ನೇಹಿತರೊಬ್ಬರನ್ನ ಒಪ್ಪಿಸೋದು. ಪರೀಕ್ಷಕರು ಆಕ್ಷೇಪ ಎತ್ತುತ್ತಾನೇ ಇರ್ತಾರೆ. ಅಲ್ಲಿ ಹೊಲಿದ ವಾಕ್ಯ ಇದ್ದರೆ ಉಳೀತೀಯ, ತುಂಡು ವಾಕ್ಯ ಎರಡನೇ ಆಕ್ಷೇಪಕ್ಕೇ ಮುಗಿದುಹೋಗುತ್ತೆ.

ಆಫೀಸಿನಲ್ಲಿ ಒಬ್ಬರನ್ನ ಗೊತ್ತು ಮಾಡಿಕೋ, ಎಲ್ಲ ತಪ್ಪನ್ನೂ ತಿದ್ದಿ ಅನ್ನಬೇಡ, ಒಂದೇ ದಿನಕ್ಕೆ ಸುಸ್ತಾಗಿ ಬಿಡ್ತಾರೆ. ಈ ಎರಡು ವಾರ ‘ದೋಂ’ ತಪ್ಪಿದರೆ ಮಾತ್ರ ಬೆರಳು ಎತ್ತಿ ಅನ್ನು. ನನ್ನ ಸಹೋದ್ಯೋಗಿ ಮೀಟಿಂಗ್ ನಡುವೆಯೂ ಎತ್ತೋಳು, ನಾಚಿಕೆ ಆಗ್ತಿತ್ತು, ಆದರೆ ನಾನು ಕೇಳಿಕೊಂಡಿದ್ದಲ್ವಾ. ಹೀಗೆ ಐದು ರಚನೆ ಮುಗಿಸೋಕೆ ನನಗೆ ಏಳು ತಿಂಗಳು ಬೇಕಾಯ್ತು. ರಜೆಗೆ ಮೈಸೂರಿಗೆ ಹೋಗಿದ್ದ ತಿಂಗಳೂ ಅದರಲ್ಲೇ ಸೇರಿದೆ. ಅದಾದಮೇಲೆ ಕೂತ ಪರೀಕ್ಷೆಯಲ್ಲಿ ಕ್ವಿಬೆಕ್ ಅಳತೆಯ 7ನೇ ಹಂತ, ಅಂದರೆ ಬಿ2, ಬಂತು.

ಈ ಭಾನುವಾರ ಮೂರು ನಿಮಿಷ ರೆಕಾರ್ಡ್ ಮಾಡು. ವಿಷಯ, ನೀನು ಈಗಿರೋ ಮನೆ ಹುಡುಕಿದ ಕಥೆ. ಬರೆದಿಟ್ಟದ್ದನ್ನ ತಿದ್ದದೆ, ಹಾಗೇ ನನಗೆ ಕಳಿಸು.