ಹೇಳಿಕೊಳ್ಳಲಾಗದ ಸಾಲ, ಹೇಳಿಕೊಳ್ಳಬಹುದಾದ ಎಸ್‌ಐಪಿ

ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಕ್ರೆಡಿಟ್ ಕಾರ್ಡಿನ ಬಾಕಿ ಹೊತ್ತುಕೊಂಡು, ಅದರ ಜೊತೆಗೇ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಣ ಹಾಕುವ ಎಸ್‌ಐಪಿ ಆರಂಭಿಸಲು ಹೊರಟ ಯುವಕ ಯುವತಿಯರು ಸಲಹೆ ಕೇಳಿಕೊಂಡು ನನ್ನ ಬಳಿಗೆ ಪದೇ ಪದೇ ಬರುತ್ತಿರುವುದರಿಂದ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆತ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಎಂಜಿನಿಯರಿಂಗ್ ಪದವೀಧರ. ಕೈಗೆ ಬರುವ ಸಂಬಳ 32,000 ರೂಪಾಯಿ. ಬಾಡಿಗೆ ಮನೆಯ ಅಡ್ವಾನ್ಸ್ ಮತ್ತು ಲ್ಯಾಪ್‌ಟಾಪಿಗಾಗಿ ಬಳಸಿದ ಕಾರ್ಡಿನಲ್ಲಿ 68,000 ಬಾಕಿ ಉಳಿದಿತ್ತು. ತಿಂಗಳಿಗೆ 12,000 ತೆಗೆದಿಡಬಲ್ಲೆನೆಂದೂ, ಅದರಲ್ಲಿ 7,000 ಕಾರ್ಡಿಗೆ, 5,000 ಎಸ್‌ಐಪಿಗೆ ಹಾಕುವೆನೆಂದೂ ಹೇಳಿ ನನ್ನ ಒಪ್ಪಿಗೆ ಕೇಳಿದ.

ಮೊದಲ ಭೇಟಿಯಲ್ಲಿ ನಾವು ಕಾರ್ಡಿನ ಸ್ಟೇಟ್‌ಮೆಂಟನ್ನಷ್ಟೇ ಓದಿದೆವು. ಬಡ್ಡಿ ತಿಂಗಳಿಗೆ ಶೇ. 3.5, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಒಟ್ಟಿನಲ್ಲಿ ತಿಂಗಳಿಗೆ ಸುಮಾರು 2,800 ರೂಪಾಯಿ. ಆತ ಈವರೆಗೆ ಕಟ್ಟುತ್ತಿದ್ದದ್ದು ಬಾಕಿಯ ಶೇ. 5ರಷ್ಟಿದ್ದ ಕನಿಷ್ಠ ಮೊತ್ತ, ಅಂದರೆ 3,400. ಅದರಲ್ಲಿ ಅಸಲಿಗೆ ಸಲ್ಲುತ್ತಿದ್ದದ್ದು ಕೇವಲ 600. ಇಷ್ಟರ ಮೇಲೆ, ನಲವತ್ತೈದು ದಿನ ಬಡ್ಡಿಯಿಲ್ಲವೆಂಬ ನಂಬಿಕೆಯಿಂದ ದಿನಸಿಗೂ ಅದೇ ಕಾರ್ಡನ್ನು ಉಜ್ಜುತ್ತಿದ್ದ. ಬಾಕಿಯನ್ನು ಪೂರ್ತಿ ಕಟ್ಟದೆ ಉಳಿಸಿಕೊಂಡವರಿಗೆ ಆ ರಿಯಾಯಿತಿ ಸಿಗುವುದಿಲ್ಲ, ಹೊಸ ಖರೀದಿಗೂ ಖರೀದಿಸಿದ ದಿನದಿಂದಲೇ ಬಡ್ಡಿ ಬೀಳುತ್ತದೆ ಎಂಬುದು ಆತನಿಗೆ ಗೊತ್ತಿರಲಿಲ್ಲ. ಪ್ರತಿ ತಿಂಗಳೂ ತಪ್ಪದೆ ಹಣ ಕಟ್ಟುತ್ತಿದ್ದರೂ ಸಾಲ ಏರುತ್ತಿದ್ದುದಕ್ಕೆ ಇದೇ ಕಾರಣ.

ಲೆಕ್ಕ ಅರ್ಥವಾಯಿತು, ಆದರೂ ಎರಡನೆಯ ಭೇಟಿಗೆ ಆತ ಅದೇ ಯೋಜನೆಯೊಂದಿಗೆ ಬಂದ. ಏಕೆಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: “ಎಸ್‌ಐಪಿ ಶುರುಮಾಡಿದ್ದೇನೆ ಅಂತ ಅಪ್ಪನಿಗೆ ಹೇಳಬಹುದು ಮೇಡಂ. ಸಾಲ ತೀರಿಸಿದೆ ಅಂತ ಹೇಳಬೇಕಾದರೆ, ಸಾಲ ಮಾಡಿದ್ದೆ ಅಂತ ಮೊದಲು ಹೇಳಬೇಕಲ್ಲ.”

ಆ ಮಾತಿನವರೆಗೂ ನಾನು ಇದನ್ನು ಶೇಕಡಾವಾರಿನ ಪ್ರಶ್ನೆಯೆಂದೇ ತಿಳಿದಿದ್ದೆ. ಆತನಿಗೆ ಬೇಕಾಗಿದ್ದದ್ದು ಲಾಭವಲ್ಲ, ತನ್ನ ಮೊದಲ ದುಡಿಮೆಗೆ ತೋರಿಸಬಹುದಾದ ಒಂದು ಗುರುತು. ಹಾಗಾಗಿ ಎರಡೂ ದಾರಿಗಳನ್ನು ಏಳು ತಿಂಗಳವರೆಗೆ ಆತನ ಕೈಯಿಂದಲೇ ಬರೆಸಿದೆ. ಕಾರ್ಡ್ ಬಳಸುವುದನ್ನು ನಿಲ್ಲಿಸಿ 12,000ವನ್ನೂ ಬಾಕಿಗೇ ಕಟ್ಟಿದರೆ ಏಳನೆಯ ತಿಂಗಳಲ್ಲಿ ಸಾಲ ಮುಗಿದು, ಆ ತಿಂಗಳ ಹಣದಲ್ಲಿ ಸುಮಾರು 4,900 ಮಿಗುತ್ತದೆ. ಹಣವನ್ನು ಹಂಚಿ ಹಾಕಿದರೆ, ಫಂಡು ವರ್ಷಕ್ಕೆ ಶೇ. 12ರಂತೆ ಬೆಳೆಯಿತೆಂದು ಧಾರಾಳವಾಗಿ ಭಾವಿಸಿದರೂ, ಕೈಯಲ್ಲಿ 36,000, ಕಾರ್ಡಿನಲ್ಲಿ 34,700 ಬಾಕಿ, ನಿವ್ವಳ 1,300. ವ್ಯತ್ಯಾಸ 3,600 ರೂಪಾಯಿ. ಇದು ಬದುಕು ಮುಳುಗಿಸುವ ಮೊತ್ತವಲ್ಲ, ಅದನ್ನು ದೊಡ್ಡದು ಮಾಡಿ ಹೆದರಿಸುವುದು ನನಗೆ ಇಷ್ಟವೂ ಇಲ್ಲ. ಆದರೆ ಫಂಡಿನ ಶೇ. 12 ಬರಬಹುದು, ಬಾರದಿರಲೂಬಹುದು. ಕಾರ್ಡಿನ ಬಡ್ಡಿ ಮಾತ್ರ ಪ್ರತಿ ತಿಂಗಳೂ ಬಂದೇ ತೀರುತ್ತದೆ.

ಹೂಡಿಕೆಯ ಅಭ್ಯಾಸವನ್ನು ಬೇಗ ಬೆಳೆಸಬೇಕು, ಐನೂರು ರೂಪಾಯಿಯಾದರೂ ಹಾಕಲಿ ಎಂದು ನನ್ನ ಸಹೋದ್ಯೋಗಿಗಳು ವಾದಿಸುತ್ತಾರೆ. ನಾನು ಒಪ್ಪಲಿಲ್ಲ. ಆತನ ಸಂಬಳದ ಚೀಟಿಯಲ್ಲಿ ಪಿಎಫ್‌ಗೆ ತಿಂಗಳಿಗೆ 1,800 ಕಡಿತವಾಗುತ್ತಿತ್ತು, ಕಂಪನಿಯೂ ತನ್ನ ಪಾಲು ಸೇರಿಸುತ್ತಿತ್ತು, 2024-25ಕ್ಕೆ ಅದರ ಬಡ್ಡಿ ಶೇ. 8.25. ಅಪ್ಪನಿಗೆ ತೋರಿಸಲು ಆ ಪಾಸ್‌ಬುಕ್ ಆಗಲೇ ಇತ್ತು. ಅದನ್ನು ಮೊಬೈಲಿನಲ್ಲಿ ತೆರೆದು ತೋರಿಸಿದಾಗ ಆತನ ಮುಖದ ಬಿಗಿ ಸ್ವಲ್ಪ ಸಡಿಲಿತು.

ಒಂದು ವಿಷಯದಲ್ಲಿ ಮಾತ್ರ ನಾನು ಲೆಕ್ಕವನ್ನು ಬದಿಗಿಟ್ಟೆ. ಉಳಿತಾಯ ಖಾತೆಯಲ್ಲಿದ್ದ 15,000ವನ್ನೂ ಬಾಕಿಗೆ ಕಟ್ಟಿದರೆ ಬಡ್ಡಿ ಇನ್ನೂ ಕಡಿಮೆಯಾಗುತ್ತಿತ್ತು, ನಾನು ಬೇಡವೆಂದೆ. ಖಾತೆ ಬರಿದಾದವರು ಒಂದು ಜ್ವರ ಬಂದರೂ ಮತ್ತೆ ಕಾರ್ಡಿಗೇ ಕೈಹಾಕುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಬಾಕಿಯನ್ನು ಕಡಿಮೆ ಬಡ್ಡಿಯ ಇಎಂಐಗೆ ಬದಲಿಸಿಕೊಡುವಂತೆ ಆತನಿಂದ ಬ್ಯಾಂಕನ್ನೂ ಕೇಳಿಸಿದೆ. ಅದು ಸಿಕ್ಕಿದ್ದರೆ ಬಡ್ಡಿ ಬಹುಮಟ್ಟಿಗೆ ಇಳಿಯುತ್ತಿತ್ತು, ಆದರೆ ಆರಂಭದಲ್ಲಿ ಎರಡು ಸಲ ಕಾರ್ಡಿನ ಹಣ ಕಟ್ಟುವುದು ತಡವಾಗಿದ್ದ ಕಾರಣ ಬ್ಯಾಂಕ್ ಒಪ್ಪಲಿಲ್ಲ.

ಏಳನೆಯ ತಿಂಗಳು ಬಾಕಿ ತೀರಿದ ಮೇಲೆ ಆತ ಮತ್ತೊಮ್ಮೆ ಬಂದ. ಸಾಲದ ವಿಷಯವನ್ನು ಅಪ್ಪನಿಗೆ ನಾಲ್ಕನೆಯ ತಿಂಗಳಲ್ಲೇ ಹೇಳಿದ್ದನಂತೆ. ಅವರು ಬೈಯಲಿಲ್ಲ, ಇನ್ನೆಷ್ಟು ಉಳಿದಿದೆ ಎಂದಷ್ಟೇ ಕೇಳಿದರಂತೆ. ಅಂದು ನಾವು ಮಾಡಿದ ಕೆಲಸ ಚಿಕ್ಕದು. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಆಟೋಪೇ ‘ಕನಿಷ್ಠ ಮೊತ್ತ’ ಎಂದಿದ್ದುದನ್ನು ‘ಪೂರ್ಣ ಮೊತ್ತ’ಕ್ಕೆ ಬದಲಿಸಿದೆವು. ಆ ಬಳಿಕ ಸಂಬಳ ಬಂದ ಮರುದಿನಕ್ಕೆ 5,000ದ ಎಸ್‌ಐಪಿಗೆ ದಿನಾಂಕ ಗೊತ್ತುಮಾಡಿದ.